ತೋಟದ ಮನೆಯ ನಿಧಾನದ ಬೆಳಗನ್ನು ವಿವರಣೆಯಲ್ಲಿ ಬರೆಯುವುದು ಹೇಗೆ? ಹೋಂಸ್ಟೇ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟದ ನಡುವೆ ಒಂದೆರಡು ಕೋಣೆ ಇಟ್ಟುಕೊಂಡು ಹೋಂಸ್ಟೇ ನಡೆಸುವವರಿಗಾಗಿ ಈ ಪುಟ. ಬುಕಿಂಗ್ ಆ್ಯಪ್‌ಗೆ ಮನೆಯ ವಿವರಣೆ ಬರೆಯಲು ಕೂತಾಗ ಅವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಈಜುಕೊಳ, ಜಿಪ್‌ಲೈನ್ ಇರುವ ಜಾಗಗಳ ಬಗ್ಗೆ ಇಲ್ಲಿ ಏನೂ ಇಲ್ಲ. ಸದ್ದಿಲ್ಲದ, ಅವಸರವಿಲ್ಲದ ಬೆಳಗನ್ನೇ ನಂಬಿ ಕೋಣೆ ಕೊಡುವವರಿಗೆ ಮಾತ್ರ ಇದು.

"ಪ್ರಶಾಂತ ವಾತಾವರಣ" ಎಂದು ಬರೆದರೆ ಸಾಲದಾ?

ಸಾಲುವುದಿಲ್ಲ. ಈ ಮಾತು ಎಲ್ಲರ ವಿವರಣೆಯಲ್ಲೂ ಇದೆ. ಹೆದ್ದಾರಿ ಪಕ್ಕದ ಲಾಡ್ಜಿನವರೂ ಅದನ್ನೇ ಬರೆಯುತ್ತಾರೆ. ಓದುವವರಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಒಬ್ಬರಿಗೆ ವಾಹನದ ಸದ್ದಿಲ್ಲದಿದ್ದರೆ ಅದೇ ಶಾಂತ. ಇನ್ನೊಬ್ಬರು ಒಂಬತ್ತು ಗಂಟೆಯವರೆಗೆ ಮಲಗಬೇಕೆಂದೇ ಬಂದಿರುತ್ತಾರೆ. ಅವರಿಗೆ ಐದು ಗಂಟೆಗೆ ಕೂಗುವ ಹುಂಜವೂ ಗದ್ದಲವೇ.

ಗಂಟೆ, ದೂರ, ಸದ್ದಿನ ಮೂಲ ಇವನ್ನು ಬರೆಯಿರಿ. "ಡಾಂಬರು ರಸ್ತೆ ಮನೆಯಿಂದ ಒಂದೂವರೆ ಕಿಲೋಮೀಟರ್. ಬೆಳಿಗ್ಗೆ ಒಂಬತ್ತರವರೆಗೆ ತೋಟದಲ್ಲಿ ಯಂತ್ರ ಓಡಿಸುವುದಿಲ್ಲ." ಇಂಥ ಎರಡು ಸಾಲನ್ನು ಅತಿಥಿ ಬಂದು ಪರೀಕ್ಷೆ ಮಾಡಬಹುದು. ಹಾಗೆ ಪರೀಕ್ಷೆ ಮಾಡಬಹುದಾದ ಮಾತನ್ನೇ ಜನ ನಂಬುತ್ತಾರೆ.

ಬರೆಯುವ ಮೊದಲು ಏನು ಮಾಡಬೇಕು?

ಅತಿಥಿಗೆ ಕೊಡುವ ಕೋಣೆಯಲ್ಲಿ ನೀವೇ ಒಂದು ರಾತ್ರಿ ಮಲಗಿ. ನಿಮ್ಮ ಕೋಣೆಯಲ್ಲಿ ಅಲ್ಲ, ಅದೇ ಮಂಚದ ಮೇಲೆ, ಕಿಟಕಿ ತೆಗೆದಿಟ್ಟು. ಬೆಳಗಿನ ಜಾವ ನಾಲ್ಕರಿಂದ ಒಂಬತ್ತರವರೆಗೆ ಕಿವಿಗೆ ಬಿದ್ದ ಪ್ರತಿಯೊಂದು ಸದ್ದನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಸದ್ದು, ಎಷ್ಟು ಗಂಟೆಗೆ, ಅದನ್ನು ನಾನು ಬೇರೆ ಹೊತ್ತಿಗೆ ಹಾಕಬಹುದಾ? ಈ ಮೂರು ಗೊತ್ತಾದರೆ ಸಾಕು.

ಹುಟ್ಟಿದಾಗಿಂದ ಅದೇ ಮನೆಯಲ್ಲಿ ಇರುವವರಿಗೆ ಮನೆಯ ಸದ್ದು ಕೇಳಿಸುವುದೇ ಇಲ್ಲ. ಹೊಸಬರಿಗೆ ಎಲ್ಲವೂ ಕೇಳಿಸುತ್ತದೆ. ಹಾಗಾಗಿ ಪಟ್ಟಣದಲ್ಲಿರುವ ತಂಗಿಯೋ ಭಾವನೋ ಬಂದಾಗ ಅವರನ್ನೇ ಆ ಕೋಣೆಯಲ್ಲಿ ಮಲಗಿಸಿ ಕೇಳುವುದು ಇನ್ನೂ ಒಳ್ಳೆಯದು.

ಒಂದು ಸದ್ದನ್ನು ಮಾತ್ರ ಮರೆಯಬೇಡಿ. ಅದು ಪಂಪ್‌ಸೆಟ್. ನಮ್ಮ ಕಡೆ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತದೆ. ಕೆಲವು ವಾರ ಹಗಲು, ಕೆಲವು ವಾರ ಬೆಳಗಿನ ಜಾವ. ಆಟೋ ಸ್ಟಾರ್ಟರ್ ಹಾಕಿಟ್ಟಿದ್ದರೆ ಕರೆಂಟು ಬಂದ ಕೂಡಲೇ ಪಂಪು ತಾನಾಗಿಯೇ ಶುರುವಾಗುತ್ತದೆ. ಅದು ಅತಿಥಿಯ ಕೋಣೆಯ ಹಿಂದೆಯೇ ಇದ್ದರೆ ನಾಲ್ಕು ಗಂಟೆಗೆ ಅವರು ಎದ್ದು ಕೂರುತ್ತಾರೆ. ಅತಿಥಿಗಳಿರುವ ರಾತ್ರಿ ಆಟೋ ತೆಗೆದು ಕೈಯಾರೆ ಹಾಕುವುದು ಒಂದು ದಾರಿ. ಆದರೆ ಏಪ್ರಿಲ್‌ನಲ್ಲಿ ಅಡಿಕೆಗೆ ನೀರು ತಪ್ಪಿಸಲು ಆಗುವುದಿಲ್ಲ, ಅಲ್ವಾ? ಕರೆಂಟು ಬೆಳಗಿನ ಜಾವವೇ ಬರುವುದಾದರೆ ಬೇಸಿಗೆಯ ಆ ತಿಂಗಳಲ್ಲಿ ಇದನ್ನು ವಿವರಣೆಯಲ್ಲೇ ಹೇಳಬೇಕು, ಇಲ್ಲವೇ ಪಂಪಿನಿಂದ ದೂರದ ಕೋಣೆಯನ್ನಷ್ಟೇ ಕೊಡಬೇಕು.

ಒಂದು ಉದಾಹರಣೆ ತೆಗೆದುಕೊಂಡು ಪೂರ್ತಿ ಹೇಳಬಹುದಾ?

ಸಿದ್ದಾಪುರ ರಸ್ತೆಯಿಂದ ಒಳಗೆ ಒಂದು ಮನೆ ಇದೆ ಎಂದುಕೊಳ್ಳಿ. ಹಂಚಿನ ಮಾಡು, ಉದ್ದದ ಜಗಲಿ, ಅತಿಥಿಗಳಿಗೆ ಎರಡು ಕೋಣೆ. ಜಗಲಿಯಲ್ಲಿ ಕೂತರೆ ಕೆಳಗೆ ನಾಲ್ಕು ಎಕರೆ ಅಡಿಕೆ ತೋಟ, ಅದರ ನಡುವೆ ಕಾಫಿ, ಮರಗಳಿಗೆ ಹಬ್ಬಿದ ಕಾಳುಮೆಣಸು. ಮನೆಯವರು ಮೊದಲು ಬರೆದ ವಿವರಣೆ ಹೀಗಿದೆ:

"ಪ್ರಕೃತಿಯ ಮಡಿಲಲ್ಲಿ ಪ್ರಶಾಂತ ಕಾಫಿ ಎಸ್ಟೇಟ್ ಹೋಂಸ್ಟೇ. ಮನೆ ಊಟ, ವೈಫೈ, ಬಿಸಿನೀರು, ಪಾರ್ಕಿಂಗ್ ಇದೆ. ಜೋಗ, ಯಾಣ, ಸಹಸ್ರಲಿಂಗ, ಬನವಾಸಿ ಹತ್ತಿರ. ಕ್ಯಾಂಪ್‌ಫೈರ್ ವ್ಯವಸ್ಥೆ ಇದೆ."

ಇದರಲ್ಲಿ ಸುಳ್ಳು ಜಾಸ್ತಿ ಇಲ್ಲ. ಆದರೆ ಇದನ್ನು ಓದಿ ಬರುವವರು ಬೆಳಿಗ್ಗೆ ಆರೂವರೆಗೆ ಜೋಗಕ್ಕೆ ಹೊರಡುವವರು. ಐದು ಗಂಟೆಗೇ ಸ್ನಾನ, ಕಾರು ಶುರುಮಾಡುವ ಸದ್ದು, ಪ್ಯಾಕ್ ಮಾಡಿದ ತಿಂಡಿ. ಪಕ್ಕದ ಕೋಣೆಯಲ್ಲಿ ಸುಮ್ನೆ ಕೂರಲು ಬಂದವರಿದ್ದರೆ ಅವರ ಬೆಳಗೂ ಹೋಯಿತು. ಪ್ರವಾಸಿ ತಾಣಗಳ ಪಟ್ಟಿ ಮೇಲಿದ್ದಷ್ಟೂ ನಿಧಾನದ ಬೆಳಗು ಕೆಳಗೆ ಹೋಗುತ್ತದೆ.

ಈಗ ಆ ಮನೆಯ ಸದ್ದಿನ ಚೀಟಿ ನೋಡೋಣ. ನಾಲ್ಕೂಕಾಲಿಗೆ ಪಂಪು. ಐದಕ್ಕೆ ಹುಂಜ. ಐದೂವರೆಯಿಂದ ಹಕ್ಕಿಗಳು, ಅದರಲ್ಲೂ ಹಳ್ಳದ ಕಡೆಯಿಂದ ಮನುಷ್ಯರಂತೆಯೇ ಶಿಳ್ಳೆ ಹಾಕುವ ಹಕ್ಕಿ. ಆರಕ್ಕೆ ಕೊಟ್ಟಿಗೆಯಲ್ಲಿ ಹಾಲು ಕರೆಯುವುದು. ಆರೂ ಇಪ್ಪತ್ತಕ್ಕೆ ಮಿಕ್ಸಿ. ಆರೂ ನಲವತ್ತಕ್ಕೆ ಡೇರಿಗೆ ಹಾಲು ಒಯ್ಯುವ ನೆರೆಮನೆಯವರ ಬೈಕು. ಎಂಟಕ್ಕೆ ಕಳೆ ಕತ್ತರಿಸುವ ಯಂತ್ರ.

ಇದರಲ್ಲಿ ಪಂಪಿನ ಆಟೋ ತೆಗೆಯಬಹುದು. ಚಟ್ನಿಯನ್ನು ಒಳಗಿನ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಎಂಟರ ನಂತರ ರುಬ್ಬಬಹುದು. ತೆಳ್ಳೇವಿನ ಹಿಟ್ಟನ್ನು ಹಿಂದಿನ ಸಂಜೆಯೇ ರುಬ್ಬಿಡಬಹುದು. ಕಳೆ ಯಂತ್ರವನ್ನು ಒಂಬತ್ತೂವರೆಗೆ ಹಾಕಬಹುದು. ಆದರೆ ಕೆಲಸದವರು ಎಂಟಕ್ಕೇ ಬರುತ್ತಾರೆ, ಅವರ ಸಮಯ ಕೆಡಬಾರದು. ಆ ಒಂದೂವರೆ ಗಂಟೆ ಸೊಪ್ಪು ಹೊರುವುದು, ಬುಡ ಬಿಡಿಸುವುದು ಇಂಥ ಸದ್ದಿಲ್ಲದ ಕೆಲಸ ಕೊಟ್ಟರಾಯಿತು. ಹುಂಜ, ಕೊಟ್ಟಿಗೆ, ಬೈಕು ಉಳಿಯುತ್ತವೆ. ಅವನ್ನು ವಿವರಣೆಯಲ್ಲಿ ಹೇಳಬೇಕು.

ಹೀಗೆ ಬದಲಿಸಿದ ಮೇಲೆ ವಿವರಣೆ:

> ಅಡಿಕೆ ತೋಟದ ನಡುವೆ ಕಾಫಿ ಬೆಳೆಯುವ ಮನೆ ನಮ್ಮದು. ಶಿರಸಿ–ಸಿದ್ದಾಪುರ ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಒಳಗೆ. ಅತಿಥಿಗಳಿಗೆ ಎರಡೇ ಕೋಣೆ. ನಾವೂ ಇದೇ ಮನೆಯಲ್ಲಿ ಇರುತ್ತೇವೆ.
>
> ಬೆಳಿಗ್ಗೆ ಆರೂವರೆಗೆ ಜಗಲಿಯಲ್ಲಿ ಡಿಕಾಕ್ಷನ್, ಬಿಸಿ ಹಾಲು, ಬೆಲ್ಲ ಇಟ್ಟಿರುತ್ತೇವೆ. ಎದ್ದಾಗ ಬಂದು ಬೆರೆಸಿಕೊಳ್ಳಿ. ಯಾರೂ ಬಾಗಿಲು ತಟ್ಟುವುದಿಲ್ಲ. ತಿಂಡಿ ಎಂಟೂವರೆಯಿಂದ ಹತ್ತೂವರೆಯವರೆಗೆ, ನೀವು ಕೂತ ಮೇಲೆ ಕಾವಲಿಯಿಂದ ಬಿಸಿಯಾಗಿ. ಹೆಚ್ಚಾಗಿ ತೆಳ್ಳೇವು, ಜೋನಿಬೆಲ್ಲ, ತುಪ್ಪ, ಚಟ್ನಿ. ಕೋಣೆ ಬಿಡಲು ಹನ್ನೆರಡರವರೆಗೆ ಸಮಯವಿದೆ.
>
> ಒಂಬತ್ತೂವರೆಗೆ ಮುಂಚೆ ತೋಟದಲ್ಲಿ ಯಂತ್ರ ಓಡಿಸುವುದಿಲ್ಲ. ಕೇಳಿಸುವ ಸದ್ದು: ಐದರ ಹೊತ್ತಿಗೆ ಹುಂಜ, ಆಮೇಲೆ ಹಕ್ಕಿಗಳು, ಕೊಟ್ಟಿಗೆಯ ದನಗಳು, ಏಳರೊಳಗೆ ಒಮ್ಮೆ ಹಾಲಿನ ಬೈಕು.
>
> ಟಿವಿ ಇಲ್ಲ. ಹೊರಗೆ ಸ್ಪೀಕರ್ ಹಾಕುವಂತಿಲ್ಲ. ಮೊಬೈಲ್ ಸಿಗ್ನಲ್ ಅಂಗಳದಲ್ಲಿ ಸಿಗುತ್ತದೆ, ಕೋಣೆಯಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ಬೇಗ ಹೊರಟು ಊರೆಲ್ಲ ನೋಡುವ ಯೋಚನೆ ಇದ್ದರೆ ಶಿರಸಿ ಪೇಟೆಯಲ್ಲಿ ಉಳಿಯುವುದು ನಿಮಗೆ ಅನುಕೂಲ.

ಕೊನೆಯ ಸಾಲು ಬರೆಯಲು ಮನಸ್ಸು ಹಿಂಜರಿಯುತ್ತದೆ. ನಾನು ಅದನ್ನು ಬಿಡಬೇಡಿ ಎಂದೇ ಹೇಳುತ್ತೇನೆ. ಇರುವುದು ಎರಡು ಕೋಣೆ. ಒಂದರಲ್ಲಿ ತಪ್ಪು ಅತಿಥಿ ಬಂದರೆ ಎರಡರ ಬೆಳಗೂ ಕೆಡುತ್ತದೆ.

ನಮ್ಮದು ಅಡಿಕೆ ತೋಟ, ಒಳಗೆ ಕಾಫಿ ಇದೆ. "ಕಾಫಿ ಎಸ್ಟೇಟ್" ಅನ್ನಬಹುದಾ?

ಹುಡುಕುವವರು ಆ ಪದ ಹಾಕಿಯೇ ಹುಡುಕುತ್ತಾರೆ, ಅದು ನಿಜ. ಆದರೆ "ಕಾಫಿ ಎಸ್ಟೇಟ್" ಎಂದರೆ ಜನರ ಕಣ್ಣ ಮುಂದೆ ಬರುವುದು ಕೊಡಗು, ಚಿಕ್ಕಮಗಳೂರು. ಬೆಟ್ಟದ ಇಳಿಜಾರು, ಸಿಲ್ವರ್ ಓಕ್ ಮರ, ಕಣ್ಣು ಹಾಯುವಷ್ಟೂ ಕಾಫಿ ಗಿಡ. ನಮ್ಮಲ್ಲಿ ಹಾಗಿಲ್ಲ. ಶಿರಸಿ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿನ ತೋಟಗಳಿಗೆ ಹೊಂದುವುದು ರೋಬಸ್ಟಾ. ಅರೇಬಿಕಾಕ್ಕೆ 1000 ಮೀಟರಿಗಿಂತ ಮೇಲಿನ ಜಾಗ ಚೆನ್ನ. ಹೀಗಿರುವಾಗ ವಿವರಣೆಯಲ್ಲಿ "ಅರೇಬಿಕಾ ಎಸ್ಟೇಟ್" ಎಂದು ಹಾಕಿದರೆ ಕಾಫಿ ಗೊತ್ತಿರುವ ಅತಿಥಿಗೆ ಮೊದಲ ಸಾಲಿನಲ್ಲೇ ಅನುಮಾನ ಬರುತ್ತದೆ.

ಶೀರ್ಷಿಕೆಯಲ್ಲಿ "ಕಾಫಿ" ಇರಲಿ, ಜೊತೆಯಲ್ಲೇ "ಅಡಿಕೆ ತೋಟ" ಕೂಡ ಇರಲಿ. ನಮ್ಮ ತೋಟದ ಚೆಂದವೇ ಬೇರೆ. ಮೇಲೆ ಅಡಿಕೆ ಮರದ ನೆರಳು, ಮರಕ್ಕೆ ಮೆಣಸಿನ ಬಳ್ಳಿ, ನಡುವೆ ಕಾಫಿ, ತಂಪಿದ್ದ ಕಡೆ ಏಲಕ್ಕಿ, ಸುತ್ತ ಸೊಪ್ಪಿನ ಬೆಟ್ಟ. ಬಿಸಿಲು ನೆಲಕ್ಕೆ ತಡವಾಗಿ ಬರುತ್ತದೆ. ಹತ್ತು ಗಂಟೆಗೂ ತೋಟದೊಳಗೆ ಬೆಳಗಿನ ತಂಪು ಉಳಿದಿರುತ್ತದೆ. ನಿಧಾನದ ಬೆಳಗು ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ಇದನ್ನೇ ಬರೆಯಿರಿ, ಕೊಡಗಿನ ಚಿತ್ರ ತಂದು ಹಾಕಬೇಡಿ.

ಲೋಟದಲ್ಲಿರುವುದು ನಮ್ಮದೇ ತೋಟದ ಕಾಫಿ ಆಗಿರಬೇಕಾ?

ಆಗಿದ್ದರೆ ಹೇಳಿ. ಆಗಿರದಿದ್ದರೆ "ನಮ್ಮ ತೋಟದ ಕಾಫಿ" ಎನ್ನಬೇಡಿ. ಎಷ್ಟೋ ಮನೆಗಳಲ್ಲಿ ಒಣಗಿಸಿದ ಕಾಫಿ ಹಣ್ಣೆಲ್ಲ ವ್ಯಾಪಾರಿಗೆ ಹೋಗುತ್ತದೆ, ಮನೆಗೆ ಪುಡಿ ಪೇಟೆಯಿಂದ ಬರುತ್ತದೆ. ಅತಿಥಿ ಕೇಳಿಯೇ ಕೇಳುತ್ತಾರೆ.

ಎರಡು ಕೋಣೆಗೆ ಬೇಕಾದಷ್ಟು ಇಟ್ಟುಕೊಳ್ಳುವುದು ಕಷ್ಟವಲ್ಲ. ಒಂದು ಲೋಟಕ್ಕೆ ಸುಮಾರು 10 ಗ್ರಾಂ ಪುಡಿ ಹಿಡಿದರೆ ಒಂದು ಕಿಲೋದಲ್ಲಿ ನೂರು ಲೋಟ. ಒಂದು ಕಿಲೋ ಪುಡಿಗೆ ಸುಮಾರು ಆರು ಕಿಲೋ ಹಣ್ಣು ಬೇಕು. ಒಣಗುವಾಗ, ಸಿಪ್ಪೆ ತೆಗೆಯುವಾಗ, ಹುರಿಯುವಾಗ ತೂಕ ಇಳಿಯುತ್ತಾ ಹೋಗುತ್ತದೆ. ಪೂರ್ತಿ ಕೆಂಪಾದ ಹಣ್ಣನ್ನೇ ಆರಿಸಿ ಬೇರೆ ಇಡಿ. ಹಸಿರು ಕಾಯಿ ಸೇರಿದರೆ ರುಚಿ ಒಗರಾಗುತ್ತದೆ. ಅಂಗಳದಲ್ಲಿ ತೆಳ್ಳಗೆ ಹರವಿ ದಿನಕ್ಕೆ ನಾಲ್ಕಾರು ಸಲ ಕೈಯಾಡಿಸಿ. ಸಂಜೆ ರಾಶಿ ಮಾಡಿ ಮುಚ್ಚಿ, ಇಬ್ಬನಿ ಬೀಳಬಾರದು. ಒಳ್ಳೆಯ ಬಿಸಿಲಿದ್ದರೆ ಎರಡು ವಾರದ ಆಸುಪಾಸಿನಲ್ಲಿ ಒಣಗುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಸರಿಯಾಗಿ ಒಣಗದೆ ಮೂಟೆ ಕಟ್ಟಿದರೆ ಬೂಷ್ಟು ಹಿಡಿದು ಲೋಟದವರೆಗೂ ಮುಗ್ಗಲು ವಾಸನೆ ಬರುತ್ತದೆ.

ರೋಬಸ್ಟಾ ದಪ್ಪಗೆ, ಸ್ವಲ್ಪ ಕಹಿಯಾಗಿ ಇರುತ್ತದೆ. ಹಾಲು ಬೆಲ್ಲಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ಹಾಲಿಲ್ಲದ ಕಪ್ಪು ಕಾಫಿ ಕುಡಿಯುವವರು ಬಂದರೆ ಇದನ್ನು ಮೊದಲೇ ಹೇಳಿ. ಡಿಕಾಕ್ಷನ್ ಬಗ್ಗೆ ಒಂದು ಮಾತು: ರಾತ್ರಿಯೇ ಇಳಿಸಿಡಬೇಡಿ. ಐದೂಮುಕ್ಕಾಲಿಗೆ ಫಿಲ್ಟರಿಗೆ ಹಾಕಿದರೆ ಆರೂವರೆಗೆ ಸಿದ್ಧ. ತಡವಾಗಿ ಏಳುವವರಿಗೆ ಎಂಟಕ್ಕೆ ಇನ್ನೊಂದು ಸಲ ಹಾಕಿ. ಎರಡು ಗಂಟೆ ಕೂತ ಡಿಕಾಕ್ಷನ್‌ನಲ್ಲಿ ಘಮ ಉಳಿದಿರುವುದಿಲ್ಲ.

ಕಾಫಿ ಹೂವಿನ ಫೋಟೋ ಹಾಕಿದರೆ ಬುಕಿಂಗ್ ಜಾಸ್ತಿ ಆಗುತ್ತದೆ. ಹಾಕಲಾ?

ಹಾಕಿ, ಕೆಳಗೆ ತಿಂಗಳು ಬರೆಯಿರಿ. ಹೂ ಬರುವುದು ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ, ಒಳ್ಳೆಯದೊಂದು ಹೂಮಳೆ ಬಿದ್ದು ಒಂದು ವಾರ, ಹತ್ತು ದಿನಕ್ಕೆ. ಅರಳಿದ ಮೇಲೆ ಮೂರು ನಾಲ್ಕು ದಿನ ಅಷ್ಟೇ. ತಿಂಗಳ ಮುಂಚೆ ಬುಕ್ ಮಾಡಿದವರಿಗೆ "ಹೂ ನೋಡಬಹುದು" ಎಂದು ಮಾತು ಕೊಡಲು ಸಾಧ್ಯವೇ ಇಲ್ಲ.

ಇನ್ನೊಂದು ತೊಡಕಿದೆ. ಕಾಫಿ ಗಿಡ ಸ್ವಲ್ಪ ದಿನ ಬಾಯಾರಿ ಇದ್ದು, ಆಮೇಲೆ ನೀರು ಸಿಕ್ಕಾಗ ಮೊಗ್ಗೆಲ್ಲ ಒಟ್ಟಿಗೆ ಒಡೆಯುತ್ತವೆ. ಅಡಿಕೆಗೆಂದು ಬೇಸಿಗೆ ಪೂರ್ತಿ ನೀರು ಕೊಡುವ ತೋಟದಲ್ಲಿ ಆ ಬಾಯಾರಿಕೆ ಇರುವುದಿಲ್ಲ. ಹಾಗಾಗಿ ಹೂ ಅಲ್ಲಲ್ಲಿ, ಬೇರೆ ಬೇರೆ ಹೊತ್ತಿಗೆ ಬರಬಹುದು. ತೋಟವೆಲ್ಲ ಬೆಳ್ಳಗಾದ ಫೋಟೋ ನಿಮ್ಮದೇ ತೋಟದ್ದಾಗಿದ್ದರೆ ಮಾತ್ರ ಹಾಕಿ. ಆಸೆ ಇರುವ ಅತಿಥಿಗಳ ನಂಬರ್ ಇಟ್ಟುಕೊಂಡು, ಮಳೆ ಬಿದ್ದ ಮರುದಿನ ಅಥವಾ ಸ್ಪ್ರಿಂಕ್ಲರ್ ಹಾಕಿದ ದಿನ ಒಂದು ಮೆಸೇಜ್ ಕಳಿಸಿ. ಒಂದು ವಾರ ಸಿಗುತ್ತದೆ, ಬರಬೇಕೆನ್ನುವವರು ಬರುತ್ತಾರೆ.

ತಿಂಡಿಗೆ ಎರಡು ಗಂಟೆ ಕಾಯುವುದು ನಮಗೆ ಕಷ್ಟ. ಏನು ಮಾಡುವುದು?

ಇದು ನಿಜವಾದ ಕಷ್ಟ. ಮನೆಯ ಹೆಂಗಸರೊಬ್ಬರು ಎರಡು ಗಂಟೆ ಒಲೆಯ ಮುಂದೆ ಕಟ್ಟಿಬಿದ್ದಂತೆ. ಅತಿಥಿಯ ನಿಧಾನಕ್ಕೆ ಅವರ ಬೆಳಗನ್ನು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಹಿಂದಿನ ರಾತ್ರಿ ಊಟದ ಹೊತ್ತಿಗೆ "ನಾಳೆ ತಿಂಡಿಗೆ ಎಷ್ಟು ಹೊತ್ತಿಗೆ ಬರ್ತೀರಿ?" ಎಂದು ಕೇಳಿಬಿಡಿ. ಹೆಚ್ಚಿನವರು ಒಂದು ಗಂಟೆ ಹೇಳುತ್ತಾರೆ. ಆ ಮೇಲೆ ಅರ್ಧ ಗಂಟೆ ಆಚೀಚೆ ಅಷ್ಟೇ.

ಕೋಣೆ ಬಿಡುವ ಸಮಯ ಇದಕ್ಕಿಂತ ಮುಖ್ಯ. ಹತ್ತಕ್ಕೆ ಖಾಲಿ ಮಾಡಿ ಎಂದರೆ ನಿಧಾನದ ಬೆಳಗು ಎಲ್ಲಿಂದ ಬರಬೇಕು? ಎಂಟಕ್ಕೇ ಅವರು ಚೀಲ ತುಂಬಲು ಶುರುಮಾಡುತ್ತಾರೆ. ಹನ್ನೆರಡು ಎಂದು ಇಟ್ಟರೆ ಹೊಸಬರಿಗೆ ಮೂರು ಗಂಟೆಯಿಂದ ಕೊಡಿ. ನಡುವಿನ ಮೂರು ಗಂಟೆಯಲ್ಲಿ ಎರಡು ಕೋಣೆ ಗುಡಿಸಿ ಒರೆಸಿ ಹಾಸಿಗೆ ಬದಲಿಸಬಹುದು. ಮಳೆಗಾಲದಲ್ಲಿ ಬೆಡ್‌ಶೀಟ್ ಒಣಗುವುದೇ ಇಲ್ಲ. ಆಗ ಒಬ್ಬರು ಹೋದ ದಿನವೇ ಇನ್ನೊಬ್ಬರನ್ನು ತೆಗೆದುಕೊಳ್ಳದಿರುವುದು ಒಳ್ಳೆಯದು.

ಮಳೆಗಾಲದಲ್ಲಿ "ಶಾಂತ" ಅನ್ನಬಹುದಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸದ್ದೇ ಜೋರು. ತಗಡಿನ ಮಾಡಿನ ಕೋಣೆಯಲ್ಲಿ ಮಾತು ಕೇಳಿಸುವುದಿಲ್ಲ, ಹಂಚಿನ ಕೆಳಗೆ ಪರವಾಗಿಲ್ಲ. ನಿಮ್ಮದು ಯಾವುದು ಎಂದು ಬರೆಯಿರಿ. ರಾತ್ರಿ ಕಪ್ಪೆಗಳು. ಕರೆಂಟು ಹೋದರೆ ಯಾವಾಗ ಬರುತ್ತದೆ ಹೇಳಲಾಗದು. ತೋಟಕ್ಕೆ ಕಾಲಿಟ್ಟರೆ ಉಂಬಳ. ಇದಿಷ್ಟೂ ವಿವರಣೆಯಲ್ಲಿ ಇರಲಿ. ಜಗಲಿಯಲ್ಲಿ ಕಂಬಳಿ ಹೊದ್ದು ಕೂರಲು ಬರುವವರು ಇದನ್ನು ಓದಿಯೂ ಬರುತ್ತಾರೆ. ಬಚ್ಚಲಲ್ಲಿ ಹಂಡೆಗೆ ಬೆಂಕಿ ಇರುತ್ತದೆ, ಕರೆಂಟಿಲ್ಲದಿದ್ದರೂ ಬಿಸಿನೀರು ಸಿಗುತ್ತದೆ ಎಂಬ ಸಾಲು ಅವರಿಗೆ ನೂರು ಫೋಟೋಗಿಂತ ಹೆಚ್ಚು.

ಮದ್ದು ಹೊಡೆಯುವ ದಿನ, ಅಡಿಕೆ ಸುಲಿಯುವ ದಿನ, ಆಟ, ಜಾತ್ರೆ ಇದ್ದಾಗ?

ಕೊಳೆ ರೋಗಕ್ಕೆ ಬೋರ್ಡೋ ಮದ್ದನ್ನು ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು ನಲವತ್ತು ದಿನದ ಮೇಲೆ ಇನ್ನೊಮ್ಮೆ ಹೊಡೆಯಲೇಬೇಕು. ಮಳೆ ಬಿಡುವು ಕೊಟ್ಟ ದಿನವೇ ಹೊಡೆಯಬೇಕು, ಹಾಗಾಗಿ ತಾರೀಕು ಮೊದಲೇ ಗೊತ್ತಿರುವುದಿಲ್ಲ. ಆ ದಿನ ಯಂತ್ರದ ಸದ್ದಿರುತ್ತದೆ, ಮರದಿಂದ ನೀಲಿ ಮದ್ದು ತೊಟ್ಟಿಕ್ಕುತ್ತದೆ, ತೋಟದಲ್ಲಿ ಓಡಾಡುವಂತಿಲ್ಲ. ಮೇ ಕೊನೆಯಿಂದ ಜುಲೈವರೆಗೆ ಬುಕ್ ಮಾಡಿದವರಿಗೆ ಇದನ್ನು ಮೆಸೇಜಿನಲ್ಲಿ ತಿಳಿಸಿ. ಮದ್ದು ಹೊಡೆಯುವುದು ಅವರಿರುವ ದಿನವೇ ಬಂದರೆ ಆ ದಿನದ ಬಾಡಿಗೆಯಲ್ಲಿ ಸ್ವಲ್ಪ ಬಿಡಿ.

ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರ ಸಂಜೆ, ರಾತ್ರಿ ಓಡುತ್ತದೆ. ಬೆಳಗಿಗೆ ತೊಂದರೆ ಇಲ್ಲ, ಆದರೆ ರಾತ್ರಿ ಎಷ್ಟು ಗಂಟೆಗೆ ನಿಲ್ಲಿಸುತ್ತೀರಿ ಎಂದು ಬರೆಯಿರಿ. ಊರಲ್ಲಿ ಯಕ್ಷಗಾನ ಇದ್ದರೆ ಚಂಡೆಯ ಸದ್ದು ತುಂಬಾ ದೂರ ಬರುತ್ತದೆ. ಅದನ್ನು ಮುಚ್ಚಿಡುವ ಬದಲು "ಆ ರಾತ್ರಿ ಆಟ ಇದೆ, ಬೇಕಾದರೆ ಕರೆದುಕೊಂಡು ಹೋಗುತ್ತೇವೆ" ಎನ್ನಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಪೇಟೆಯ ದಾರಿಯೆಲ್ಲ ತುಂಬಿರುತ್ತದೆ, ಮನೆಗೂ ನೆಂಟರು ಬರುತ್ತಾರೆ. ಆ ವಾರ ಕ್ಯಾಲೆಂಡರ್ ಮುಚ್ಚಿಬಿಡಿ.

ಸ್ಪೀಕರ್ ಹಾಕುವ ಗುಂಪುಗಳನ್ನು ತಡೆಯುವುದು ಹೇಗೆ?

ನಿಯಮವನ್ನು ಕೊನೆಯಲ್ಲಿ ಬಚ್ಚಿಡಬೇಡಿ. ಆ್ಯಪ್‌ನಲ್ಲಿ ಮೊದಲು ಕಾಣುವುದು ಒಂದೆರಡು ಸಾಲು, ಉಳಿದದ್ದು ಒತ್ತಿದರೆ ಮಾತ್ರ. ಕೋಣೆ ಎರಡೇ, ಟಿವಿ ಇಲ್ಲ, ಸ್ಪೀಕರ್ ಇಲ್ಲ ಎಂಬುದು ಆದಷ್ಟು ಮೇಲೆ ಬರಲಿ. ಕ್ಯಾಂಪ್‌ಫೈರ್ ಎಂಬ ಪದ ತೆಗೆಯಿರಿ. ಅದೊಂದು ಪದಕ್ಕಾಗಿಯೇ ಎಂಟು ಹತ್ತು ಜನರ ಗುಂಪು ಫೋನ್ ಮಾಡುತ್ತದೆ. ಮಕ್ಕಳಿರುವ ಮನೆಯವರನ್ನು ಮಾತ್ರ ಬೇಡ ಎನ್ನಬೇಡಿ. ಕರುವಿನ ಹತ್ತಿರ ಬಿಟ್ಟರೆ ಮಕ್ಕಳು ಗಂಟೆಗಟ್ಟಲೆ ಅಲ್ಲೇ ಇರುತ್ತಾರೆ.

ವಿವರಣೆ ಸರಿಯಾಗಿದೆಯಾ ಎಂದು ಗೊತ್ತಾಗುವುದು ಹೇಗೆ?

ಅತಿಥಿಗಳು ಬರೆದದ್ದನ್ನು ಓದಿ. "ನೋಡಲು ಏನೂ ಇಲ್ಲ", "ಬೋರ್ ಆಯಿತು" ಎಂದಿದ್ದರೆ ನಿಮ್ಮ ಮನೆಯಲ್ಲಿ ತಪ್ಪಿಲ್ಲ, ವಿವರಣೆಯ ಮೊದಲ ಸಾಲು ತಪ್ಪು ಜನರನ್ನು ಕರೆದಿದೆ. ಸದ್ದಿನ ದೂರು ಬಂದರೆ ಆ ಸದ್ದು ನಿಮ್ಮ ಚೀಟಿಯಲ್ಲಿತ್ತಾ ನೋಡಿ. ಫೋನ್ ಮಾಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರೆ, ಉದಾಹರಣೆಗೆ "ಕಾರು ಮನೆಯವರೆಗೂ ಬರುತ್ತಾ?", ಅದರ ಉತ್ತರ ವಿವರಣೆಯಲ್ಲಿ ಇಲ್ಲ ಎಂದರ್ಥ.

ಒಂದು ಸಾಲನ್ನು ಮಾತ್ರ ಕಾಲಕ್ಕೆ ತಕ್ಕಂತೆ ಬದಲಿಸುತ್ತಿರಿ. ಜೂನ್‌ನಲ್ಲಿ ಮಳೆ ಮತ್ತು ಉಂಬಳ, ಅಕ್ಟೋಬರ್‌ನಲ್ಲಿ ಅಡಿಕೆ ಕೊಯ್ಲು, ಜನವರಿಯಲ್ಲಿ ಅಂಗಳದಲ್ಲಿ ಒಣಗುವ ಕಾಫಿ, ಮಾರ್ಚ್‌ನಲ್ಲಿ ಹೂವು ಮತ್ತು ಪಂಪಿನ ಹೊತ್ತು. ಉಳಿದ ಸಾಲುಗಳು ವರ್ಷವಿಡೀ ಹಾಗೇ ಇರಬಹುದು.